ಮೊದಲ ವರ್ಷ ಮಾಲೀಕ ತನಗೆಷ್ಟು ಸಂಬಳ ತೆಗೆಯಬೇಕು? ತೀರ್ಥಹಳ್ಳಿಯ ಒಂದು ರಿಪೇರಿ ಅಂಗಡಿಯ ಲೆಕ್ಕದಲ್ಲಿ ನಾಲ್ಕು ದಾರಿಗಳ ಹೋಲಿಕೆ

ಶಿವಮೊಗ್ಗದಲ್ಲಿ ಕುಳಿತು ಸಣ್ಣ ವ್ಯಾಪಾರಸ್ಥರ ಲೆಕ್ಕ ಬರೆಯುವ ನನ್ನ ಬಳಿ, ಹೊಸದಾಗಿ ಅಂಗಡಿ ತೆರೆದವರು ಕೇಳುವ ಪ್ರಶ್ನೆಗಳಲ್ಲಿ ಒಂದು ಮಾತ್ರ ಯಾವಾಗಲೂ ತಡವಾಗಿ ಬರುತ್ತದೆ. ಬಾಡಿಗೆ, ಸಾಲದ ಕಂತು, ಜಿಎಸ್‌ಟಿ ಎಲ್ಲವನ್ನೂ ಮೊದಲ ದಿನವೇ ಕೇಳುವವರು, ತಾವು ತಿಂಗಳಿಗೆ ಎಷ್ಟು ತೆಗೆದುಕೊಳ್ಳಬಹುದು ಎಂಬುದನ್ನು ಕೇಳುವುದು ಆರೇಳು ತಿಂಗಳು ಕಳೆದ ಮೇಲೆ, ಅಂದರೆ ತೆಗೆದುಕೊಂಡು ಆದ ಮೇಲೆ. ಈ ಬರಹದಲ್ಲಿ ಅಂಥ ಒಂದೇ ಅಂಗಡಿಯ ಮೊದಲ ಹನ್ನೆರಡು ತಿಂಗಳನ್ನು ಎದುರಿಗಿಟ್ಟುಕೊಂಡು, ಸಾಮಾನ್ಯವಾಗಿ ಇರುವ ನಾಲ್ಕು ದಾರಿಗಳನ್ನು ಹೋಲಿಸುತ್ತೇನೆ. ಯಾರ ಗುರುತೂ ಸಿಗದಂತೆ ಅಂಕಿಗಳನ್ನು ಬದಲಾಯಿಸಿ ದುಂಡಾಗಿಸಿದ್ದೇನೆ. ಲೆಕ್ಕದ ಸ್ವರೂಪ ಮಾತ್ರ ಮಲೆನಾಡಿನ ಅಡಿಕೆ ಸೀಮೆಯಲ್ಲಿ ನಾನು ಮತ್ತೆ ಮತ್ತೆ ನೋಡಿರುವಂಥದ್ದೇ.

ಅಂಗಡಿ ತೀರ್ಥಹಳ್ಳಿಯ ಪೇಟೆಯಂಚಿನಲ್ಲಿದೆ. ಔಷಧಿ ಹೊಡೆಯುವ ಪಂಪು, ಕಳೆ ಕೊಚ್ಚುವ ಯಂತ್ರ, ಅಡಿಕೆ ಸುಲಿಯುವ ಮೆಷಿನ್ ಇವುಗಳ ರಿಪೇರಿ ಮತ್ತು ಬಿಡಿಭಾಗಗಳ ಮಾರಾಟ ಅಲ್ಲಿಯ ಕೆಲಸ. ಮಾಲೀಕ ಮೊದಲು ಶಿವಮೊಗ್ಗದ ಒಂದು ಡೀಲರ್ ಅಂಗಡಿಯಲ್ಲಿ ತಿಂಗಳಿಗೆ 22,000 ರೂಪಾಯಿ ಸಂಬಳಕ್ಕೆ ಮೆಕ್ಯಾನಿಕ್ ಆಗಿದ್ದವನು. ಅವನು 4 ಲಕ್ಷ ಸ್ವಂತ ಹಣವನ್ನೂ, ಶೇಕಡಾ 11ರ ಬಡ್ಡಿಯಲ್ಲಿ ಐದು ವರ್ಷದ ಅವಧಿಗೆ 5 ಲಕ್ಷ ಬ್ಯಾಂಕ್ ಸಾಲವನ್ನೂ ಹಾಕಿ ಜೂನ್ ತಿಂಗಳಲ್ಲಿ ಅಂಗಡಿ ತೆರೆದನು. ಯಂತ್ರೋಪಕರಣ, ಅಂಗಡಿಯ ಅಡ್ವಾನ್ಸ್, ಮೊದಲ ದಾಸ್ತಾನು ಎಲ್ಲ ಮುಗಿದ ಮೇಲೆ ಅಂಗಡಿಯ ಖಾತೆಯಲ್ಲಿ ಉಳಿದದ್ದು 1,20,000 ರೂಪಾಯಿ. ಇದಲ್ಲದೆ ಮನೆಖರ್ಚಿಗೆಂದು ಬೇರೆ ಉಳಿತಾಯ ಖಾತೆಯಲ್ಲಿ 96,000 ರೂಪಾಯಿ ಇತ್ತು. ಮನೆ ಸ್ವಂತದ್ದು, ಅಕ್ಕಿ ಗದ್ದೆಯದು. ಹೀಗಾಗಿ ಸಂಸಾರಕ್ಕೆ ತಿಂಗಳಿಗೆ 16,000 ರೂಪಾಯಿ ಸಾಕಾಗುತ್ತಿತ್ತು.

ವರ್ಷದ ಲಾಭ, ಕೈಯ ಹಣ, ಕಟ್ಟಬೇಕಾದ ಕೂಲಿ

ದಾರಿಗಳನ್ನು ಹೋಲಿಸುವ ಮೊದಲು ಮೂರು ಬೇರೆ ಬೇರೆ ಮೊತ್ತಗಳನ್ನು ಬಿಡಿಸಿಟ್ಟುಕೊಳ್ಳಬೇಕು. ಬಿಲ್ಲಿನ ಹಣದಲ್ಲಿ ಬಿಡಿಭಾಗಗಳ ಖರೀದಿ ಬೆಲೆಯನ್ನು ಕಳೆದು ಉಳಿಯುವ ಒಟ್ಟು ಲಾಭ ಆ ವರ್ಷ 6,68,000 ಬಂದಿತು. ಬಾಡಿಗೆ, ಸಹಾಯಕ ಹುಡುಗನ ಸಂಬಳ, ಕರೆಂಟು, ಪೆಟ್ರೋಲು ಸೇರಿ ತಿಂಗಳಿಗೆ 25,000ದಂತೆ 3 ಲಕ್ಷ ಹೋಯಿತು. ಸಾಲದ ಬಡ್ಡಿ 51,000, ಯಂತ್ರಗಳ ಸವಕಳಿ 75,000. ಇವನ್ನೆಲ್ಲ ಕಳೆದರೆ ಪುಸ್ತಕದ ಲಾಭ 2,42,000 ರೂಪಾಯಿ, ಎಂದರೆ ತಿಂಗಳಿಗೆ ಸುಮಾರು 20,000. ಇಷ್ಟನ್ನು ನೋಡಿದ ಯಾರಾದರೂ ತಿಂಗಳಿಗೆ ಇಪ್ಪತ್ತು ಸಾವಿರ ತೆಗೆಯಬಹುದೆಂದೇ ಹೇಳುತ್ತಾರೆ.

ಆದರೆ ಕೈಗೆ ಬಂದ ಹಣ ಬೇರೆ. ಸವಕಳಿಗೆ ಯಾರಿಗೂ ಹಣ ಕೊಡಬೇಕಾಗಿಲ್ಲ, ಅದನ್ನು ಲಾಭಕ್ಕೆ ಮರಳಿ ಕೂಡಿಸಬೇಕು. ಸಾಲದ ಅಸಲು ಖರ್ಚಿನ ಪಟ್ಟಿಯಲ್ಲಿ ಇಲ್ಲದಿದ್ದರೂ ಪ್ರತಿ ತಿಂಗಳ ಕಂತಿನ 10,900ದಲ್ಲಿ ಸೇರಿಕೊಂಡು ವರ್ಷಕ್ಕೆ 79,000 ಹೋಗಿಬಿಡುತ್ತದೆ, ಅದನ್ನು ಕಳೆಯಬೇಕು. ಇವೆರಡೂ ಈ ಅಂಗಡಿಯಲ್ಲಿ ಹೆಚ್ಚುಕಡಿಮೆ ಸರಿಹೋದವು. ನಿಜವಾದ ವ್ಯತ್ಯಾಸ ಮಾಡಿದ್ದು ಇನ್ನೆರಡು: ವರ್ಷದ ಕೊನೆಗೆ ಗಿರಾಕಿಗಳಲ್ಲಿ ಉಳಿದಿದ್ದ 60,000 ರೂಪಾಯಿ ಉದ್ರಿ, ಮತ್ತು ಕಪಾಟಿನಲ್ಲಿ ಹೆಚ್ಚಾಗಿದ್ದ 40,000 ರೂಪಾಯಿಯ ಮಾಲು. ಈ ಲಕ್ಷ ರೂಪಾಯಿ ಲಾಭದಲ್ಲಿ ಉಂಟು, ಬ್ಯಾಂಕಿನಲ್ಲಿ ಇಲ್ಲ. ಹಾಗಾಗಿ ಮಾಲೀಕನಿಗೆ ನಿಜವಾಗಿ ಒದಗಿದ್ದು 1,38,000, ತಿಂಗಳಿಗೆ 11,500.

ಮೂರನೆಯದು ಯಾರೂ ಬರೆದಿಡದ ಮೊತ್ತ: ಅವನ ದುಡಿಮೆಯ ಬೆಲೆ. ಅದೇ ಕೆಲಸವನ್ನು ಡೀಲರ್ ಅಂಗಡಿಯಲ್ಲಿಯೇ ಮುಂದುವರಿಸಿದ್ದರೆ ವರ್ಷಕ್ಕೆ 2,64,000 ಸಿಗುತ್ತಿತ್ತು. ಆ ಕೂಲಿಯನ್ನು ಲಾಭದಿಂದ ಕಳೆದರೆ ಅಂಗಡಿ 22,000 ರೂಪಾಯಿ ನಷ್ಟದಲ್ಲಿದೆ. ಮೊದಲ ವರ್ಷಕ್ಕೆ ಇದೇನೂ ಕೆಟ್ಟ ಫಲಿತಾಂಶವಲ್ಲ, ಆದರೆ ಗೊತ್ತಿರಬೇಕಾದ ಸಂಗತಿ. ಮಾಲೀಕನ ಸಂಬಳದ ಬಗ್ಗೆ ನಾನು ಕಂಡಿರುವ ಗೊಂದಲದ ಬಹುಪಾಲು, ಕಟ್ಟಬೇಕಾದ ಕೂಲಿ ಮತ್ತು ತೆಗೆಯಬಹುದಾದ ಹಣ ಇವೆರಡನ್ನು ಒಂದೇ ಅಂಕಿಯೆಂದು ಭಾವಿಸುವುದರಿಂದ ಹುಟ್ಟಿದ್ದು. ಮೊದಲನೆಯದನ್ನು ಪುಸ್ತಕದ ಅಂಚಿನಲ್ಲಿ ಪೂರ್ತಿಯಾಗಿ ಬರೆಯಬೇಕು, ಎರಡನೆಯದನ್ನು ಖಾತೆ ಹೇಳಿದಷ್ಟೇ ತೆಗೆಯಬೇಕು.

ಹಣ ಸಾಲದೆ ಹೋಗುವುದು ಯಾವ ತಿಂಗಳು

ವರ್ಷದ ಸರಾಸರಿ ತಿಂಗಳಿಗೆ 11,500 ಎಂದು ಹೇಳಿದೆನಲ್ಲ, ಆ ಸರಾಸರಿಯೂ ಮೋಸ ಮಾಡುತ್ತದೆ. ನಮ್ಮ ಕಡೆ ಮಳೆ ಹಿಡಿಯುವ ಮುಂಚೆ ಮತ್ತು ಮಳೆಯ ನಡುವಿನ ಹೊಳವಿನಲ್ಲಿ ಕೊಳೆರೋಗಕ್ಕೆ ಬೋರ್ಡೋ ಹೊಡೆಯುತ್ತಾರೆ, ಆಗ ಪಂಪುಗಳು ರಿಪೇರಿಗೆ ಬರುತ್ತವೆ. ಮಳೆ ಇಳಿಯುತ್ತಿದ್ದಂತೆ ಕಳೆ ಯಂತ್ರಗಳ ಸರದಿ, ಕೊನೆ ಕೊಯ್ಲು ಆರಂಭವಾದ ಮೇಲೆ ಸುಲಿಯುವ ಮೆಷಿನ್‌ಗಳದು. ಕೆಲಸಕ್ಕೇನೂ ಕೊರತೆಯಿಲ್ಲ; ಆದರೆ ತೋಟದವರ ಕೈಗೆ ಹಣ ಬರುವುದು ಅಡಿಕೆ ಮಂಡಿಗೆ ಹೋದ ಮೇಲೆ. ಆಗಸ್ಟ್‌ನಲ್ಲಿ ನಾನು ಅಂಗಡಿಗೆ ಹೋಗಿದ್ದಾಗ ಒಬ್ಬರು ಪಂಪನ್ನು ಜೀಪಿಗೆ ಹಾಕಿಸಿಕೊಂಡು, "ಅಡಿಕೆ ಕೊಟ್ಟ ಮೇಲೆ ಕೊಡ್ತೀನಿ ಮಾರಾಯ, ಬರೆದಿಟ್ಕೋ" ಎಂದು ಹೊರಟರು. ಅವನು ಕ್ಯಾಲೆಂಡರಿನ ಹಿಂಬದಿಯಲ್ಲಿ 1,850 ಎಂದು ಬರೆದು, ಎದುರಿಗೆ ಊರಿನ ಹೆಸರು ಮಾತ್ರ ಹಾಕಿದನು. ಮುಂದೆ ಅದೇ ಊರಿನ ಮೂವರ ಬಾಕಿ ಒಂದಕ್ಕೊಂದು ಬೆರೆತು ವಸೂಲಿಗೆ ಹೋದಾಗ ಪೇಚಾಡಿದ್ದು ಬೇರೆಯ ಕಥೆ.

ಈ ಉದ್ರಿ ಜೂನ್ ಕೊನೆಗೆ 20,000 ಇದ್ದದ್ದು ಅಕ್ಟೋಬರ್ ಕೊನೆಗೆ 1,25,000 ಆಯಿತು. ಅದೇ ಹೊತ್ತಿಗೆ ಸುಲಿಯುವ ಮೆಷಿನ್‌ಗಳ ಸೀಸನ್‌ಗೆಂದು ಬ್ಲೇಡು, ಬೆಲ್ಟು, ಬೇರಿಂಗುಗಳನ್ನು 60,000 ರೂಪಾಯಿಯಷ್ಟು ಹೆಚ್ಚಾಗಿ ತರಿಸಬೇಕಾಯಿತು. ಪರಿಣಾಮವಾಗಿ, ಮಾಲೀಕ ಒಂದು ರೂಪಾಯಿಯನ್ನೂ ಮುಟ್ಟಿರದಿದ್ದರೂ, 1,20,000ದಿಂದ ಹೊರಟ ಖಾತೆಯಲ್ಲಿ ಅಕ್ಟೋಬರ್ ಕೊನೆಗೆ ಇರುತ್ತಿದ್ದದ್ದು 25,000 ರೂಪಾಯಿ ಮಾತ್ರ. ಅದೇ ಖಾತೆ ಫೆಬ್ರವರಿ ಕೊನೆಗೆ 2,63,000ಕ್ಕೆ ಏರುತ್ತದೆ. ಸಂಬಳದ ಮೊತ್ತವನ್ನು ಪರೀಕ್ಷಿಸಬೇಕಾದದ್ದು ವರ್ಷದ ಲಾಭದ ಎದುರಲ್ಲ, ಈ ಅಕ್ಟೋಬರ್‌ನ ಎದುರು. ಬೇರೆ ವ್ಯಾಪಾರಕ್ಕೆ ಬೇರೆ ತಿಂಗಳು ಇರಬಹುದು. ಹೋಂಸ್ಟೇ ನಡೆಸುವವರಿಗೆ, ಬೇಕರಿಯವರಿಗೆ ಆ ಪಾತಾಳ ಬೇರೆ ಕಡೆ ಬೀಳುತ್ತದೆ. ಅದು ಯಾವ ತಿಂಗಳೆಂದು ಹುಡುಕುವುದೇ ಮೊದಲ ಕೆಲಸ.

ನಾಲ್ಕು ದಾರಿಗಳು

ಹಿಂದಿನ ಸಂಬಳವನ್ನೇ, ಅಂದರೆ 22,000ವನ್ನೇ, ತಿಂಗಳಿಗೆ ತೆಗೆಯುವುದು ಮೊದಲ ದಾರಿ. ನ್ಯಾಯವಾಗಿ ನೋಡಿದರೆ ಇದರಲ್ಲಿ ತಪ್ಪಿಲ್ಲ, ದುಡಿಮೆಗೆ ಬೆಲೆ ಉಂಟು. ಆದರೆ ಹೀಗೆ ತೆಗೆದಿದ್ದರೆ ಸೆಪ್ಟೆಂಬರ್ ಕೊನೆಯಲ್ಲಿಯೇ 25,000, ಅಕ್ಟೋಬರ್ ಕೊನೆಗೆ 85,000 ರೂಪಾಯಿ ಕೊರತೆ ಬೀಳುತ್ತಿತ್ತು. ಕೊರತೆ ಬಿದ್ದಾಗ ಅಂಗಡಿ ಆ ದಿನವೇ ಮುಚ್ಚುವುದಿಲ್ಲ, ಬೇರೆಯವರ ಹಣ ಒಳಗೆ ಬರುತ್ತದೆ. ಶಿವಮೊಗ್ಗದ ಬಿಡಿಭಾಗದ ವ್ಯಾಪಾರಿಗೆ ಮೂವತ್ತು ದಿನಕ್ಕೆ ಕೊಡುತ್ತಿದ್ದ ಹಣ ನಲವತ್ತೈದು ದಿನಕ್ಕೆ ಹೋಗುತ್ತದೆ, ಗಿರಾಕಿಯಿಂದ ವಸೂಲು ಮಾಡಿದ ಜಿಎಸ್‌ಟಿ ಮೊತ್ತ ಕಟ್ಟುವ ದಿನ ಬರುವವರೆಗೆ ಮನೆಗೆ ಬಳಕೆಯಾಗುತ್ತದೆ, ಹೊಸ ಮೆಷಿನ್‌ಗೆಂದು ಒಬ್ಬರು ಕೊಟ್ಟ ಮುಂಗಡದಲ್ಲಿ ಇನ್ನೊಬ್ಬರ ಮಾಲು ಬರುತ್ತದೆ. ವ್ಯಾಪಾರಿ ಮಾಲು ನಿಲ್ಲಿಸಿದಾಗ ಅದು ನಿಖರವಾಗಿ ಸೀಸನ್ ಆರಂಭವಾಗುವ ನವೆಂಬರ್ ಆಗಿರುತ್ತದೆ. ಕೊಡಬೇಕಾದವರಿಗೆ ಕೊಡುವ ದಿನಗಳು ತಿಂಗಳಿಂದ ತಿಂಗಳಿಗೆ ಉದ್ದವಾಗುತ್ತಿದ್ದರೆ ಮಾಲೀಕನ ಸಂಬಳ ಹೆಚ್ಚಾಗಿದೆ ಎಂದೇ ಅರ್ಥ. ಇದಕ್ಕಿಂತ ಮುಂಚಿತವಾದ ಲಕ್ಷಣ ಬೇರೆ ಇಲ್ಲ.

ಮನೆಗೆ ಬೇಕಾದ ಕನಿಷ್ಠ 16,000ವನ್ನು ಮೊದಲ ತಿಂಗಳಿಂದಲೇ ನಿಗದಿಯಾಗಿ ತೆಗೆಯುವುದು ಎರಡನೆಯ ದಾರಿ. ಇದು ವಿವೇಕದ ದಾರಿಯಂತೆ ತೋರುತ್ತದೆ, ಸರ್ಕಾರಿ ನೌಕರಿಯ ಮನೆಯವರು ಸಾಮಾನ್ಯವಾಗಿ ಇದನ್ನೇ ಸೂಚಿಸುತ್ತಾರೆ. ನಮ್ಮ ಉದಾಹರಣೆಯಲ್ಲಿ ಸೆಪ್ಟೆಂಬರ್ ಕೊನೆಗೆ ಖಾತೆ ಸೊನ್ನೆಗೆ ಬಂದು, ಅಕ್ಟೋಬರ್‌ನಲ್ಲಿ 55,000 ಕೊರತೆಯಾಗುತ್ತದೆ. ಮೊತ್ತ ಸರಿಯಾಗಿದ್ದರೂ ಆರಂಭಿಸಿದ ತಿಂಗಳು ತಪ್ಪು.

ಮೂರನೆಯದು ಶೇಕಡಾವಾರು. ಒಟ್ಟು ಲಾಭದ ಶೇಕಡಾ 30 ನನಗೆ, ಉಳಿದದ್ದು ಅಂಗಡಿಗೆ ಎನ್ನುವ ಈ ಲೆಕ್ಕ ಕೇಳಲು ಚೆನ್ನಾಗಿದೆ; ವ್ಯಾಪಾರ ಇಳಿದರೆ ಸಂಬಳವೂ ತಾನೇ ಇಳಿಯುತ್ತದೆ. ಇಲ್ಲಿ ಕೇಳಬೇಕಾದ ಪ್ರಶ್ನೆ, ಯಾವುದರ ಶೇಕಡಾ 30 ಎಂಬುದು. ಬಿಲ್ಲು ಬರೆದ ಲೆಕ್ಕದಲ್ಲಿ ತೆಗೆದರೆ ಉದ್ರಿಯ ಮೇಲೂ ಸಂಬಳ ತೆಗೆದಂತಾಗಿ, ಅಕ್ಟೋಬರ್‌ನಲ್ಲಿ ಎರಡನೆಯ ದಾರಿಯಷ್ಟೇ ಕೊರತೆ ಬರುತ್ತದೆ. ವಸೂಲಾದ ಹಣದ ಮೇಲೆ ಮಾತ್ರ ತೆಗೆದರೆ ಖಾತೆಗೆ ಬೀಳುವ ಹೊಡೆತ ಬಹಳ ಕಡಿಮೆ, ಅಕ್ಟೋಬರ್ ಕೊರತೆ 20,000ದ ಒಳಗೆ ನಿಲ್ಲುತ್ತದೆ. ಆದರೆ ಆಗ ಮನೆಗೆ ಆಗಸ್ಟ್‌ನಲ್ಲಿ 6,000, ಜನವರಿಯಲ್ಲಿ 32,000ಕ್ಕೂ ಹೆಚ್ಚು ಬರುತ್ತದೆ. ಒಬ್ಬಂಟಿಯಾಗಿರುವವರಿಗೆ ಇದು ಒಗ್ಗಬಹುದು. ಮಕ್ಕಳ ಫೀಸು, ಅಪ್ಪನ ಔಷಧಿ ಇರುವ ಮನೆಯಲ್ಲಿ ಆಗಸ್ಟ್‌ನ 6,000 ಯಾವುದಕ್ಕೂ ಸಾಲದು, ಜನವರಿಯ ದೊಡ್ಡ ಮೊತ್ತ ಆಗಸ್ಟ್‌ವರೆಗೆ ಉಳಿಯುವುದೂ ಇಲ್ಲ.

ಏನನ್ನೂ ತೆಗೆಯದೆ ಇರುವುದು ನಾಲ್ಕನೆಯ ದಾರಿ. ಇದನ್ನು ಹೇಳುವವರು ತ್ಯಾಗದ ಧ್ವನಿಯಲ್ಲಿ ಹೇಳುತ್ತಾರಾದರೂ, ಸೊನ್ನೆ ಸಂಬಳದ ಅಂಗಡಿಯ ಗಲ್ಲಾಪೆಟ್ಟಿಗೆಯನ್ನು ಒಂದು ವಾರ ನೋಡಿದರೆ ವಿಷಯ ತಿಳಿಯುತ್ತದೆ. ಸೋಮವಾರ ಮೀನಿಗೆ 200, ಬುಧವಾರ ಗ್ಯಾಸ್ ಸಿಲಿಂಡರಿಗೆ, ಶನಿವಾರ ನೆಂಟರ ಮನೆಯ ಗೃಹಪ್ರವೇಶಕ್ಕೆ ಮುಯ್ಯಿ 501. ಇದಾವುದೂ ಬರೆದಿರುವುದಿಲ್ಲ. ಬೇರೆ ಒಂದು ಅಂಗಡಿಯಲ್ಲಿ ವರ್ಷದ ಕೊನೆಗೆ ನಗದು ತಾಳೆ ಹಾಕುವಾಗ ಹೀಗೆ ಕಣ್ಮರೆಯಾದ ಮೊತ್ತ ತಿಂಗಳಿಗೆ ಸರಾಸರಿ ಹದಿನಾಲ್ಕು ಸಾವಿರ ಮೀರಿತ್ತು; ಮಾಲೀಕರು ಮಾತ್ರ ತಾವು ಒಂದು ಪೈಸೆಯನ್ನೂ ತೆಗೆದಿಲ್ಲವೆಂದು ಪ್ರಾಮಾಣಿಕವಾಗಿಯೇ ನಂಬಿದ್ದರು. ಮನೆಗೆ ಬೇರೆ ಮೂಲದಿಂದ ಹಣ ಬರುವುದು ಖಚಿತವಿದ್ದರೆ ಮಾತ್ರ ಸೊನ್ನೆ ಎಂಬುದು ನಿಜವಾದ ಸೊನ್ನೆ.

ನಾವು ಆರಿಸಿಕೊಂಡದ್ದು

ನಾನು ಸೂಚಿಸಿದ್ದು ನಾಲ್ಕನೆಯದು ಮತ್ತು ಎರಡನೆಯದನ್ನು ಒಂದರ ಹಿಂದೆ ಒಂದು ಇಡುವ ಏರ್ಪಾಡು. ಮನೆಗೆಂದು ತೆಗೆದಿಟ್ಟಿದ್ದ 96,000 ರೂಪಾಯಿ, ತಿಂಗಳಿಗೆ 16,000ದಂತೆ ಜೂನ್‌ನಿಂದ ನವೆಂಬರ್‌ವರೆಗೆ ಸರಿಯಾಗಿ ಆರು ತಿಂಗಳಿಗೆ ಬರುತ್ತದೆ. ಆ ಆರು ತಿಂಗಳು ಅಂಗಡಿಯಿಂದ ಏನೂ ಇಲ್ಲ. ಪಾತಾಳದ ಅಕ್ಟೋಬರ್ ಹಾಗೆ ದಾಟುತ್ತದೆ. ಡಿಸೆಂಬರ್‌ನಿಂದ, ಉದ್ರಿ ವಸೂಲಾಗತೊಡಗಿದ ಮೇಲೆ, ಪ್ರತಿ ತಿಂಗಳ 5ನೇ ತಾರೀಖಿನಂದು ಅಂಗಡಿಯ ಕರೆಂಟ್ ಖಾತೆಯಿಂದ ಮನೆಯ ಉಳಿತಾಯ ಖಾತೆಗೆ 16,000 ರೂಪಾಯಿ ವರ್ಗಾವಣೆ. 5ನೇ ತಾರೀಖು ಏಕೆಂದರೆ ಸಾಲದ ಕಂತು 3ಕ್ಕೆ ಹೋಗುತ್ತಿತ್ತು; ಕಂತು ಹೋದ ಮೇಲೆ ಕಾಣುವ ಬಾಕಿಯೇ ನಂಬಬಹುದಾದ ಬಾಕಿ. ಗಲ್ಲಾಪೆಟ್ಟಿಗೆಯಿಂದ ಮನೆಗೆ ನೇರವಾಗಿ ಏನೂ ಹೋಗಕೂಡದು. ತುರ್ತಿಗೆ ಹೋದರೆ ಅದನ್ನು ಸ್ವಂತಕ್ಕೆ ತೆಗೆದದ್ದೆಂದು ಬರೆದು ಮುಂದಿನ ತಿಂಗಳ 16,000ದಲ್ಲಿ ಕಳೆಯಬೇಕು. ಇದಕ್ಕೆ ಅವನಿಗಿಂತ ಹೆಚ್ಚಾಗಿ ಅವನ ಹೆಂಡತಿಯೇ ಬಿಗಿಯಾಗಿ ನಿಂತರು.

ಹೆಚ್ಚಿಗೆ ತೆಗೆಯುವ ಪ್ರಶ್ನೆ ಬರುವುದು ಫೆಬ್ರವರಿ ಕೊನೆಯಲ್ಲಿ. ಆಗ ಮೂರು ತಿಂಗಳ 48,000 ತೆಗೆದ ಮೇಲೆ ಖಾತೆಯಲ್ಲಿ 2,15,000 ಇತ್ತು. ಇಷ್ಟು ದೊಡ್ಡ ಬಾಕಿ ಕಂಡಾಗಲೇ ಬೈಕು ಬದಲಾಯಿಸುವ ಮಾತು ಬರುತ್ತದೆ, ಇಲ್ಲಿಯೂ ಬಂದಿತು. ಮಾರ್ಚ್‌ನಿಂದ ಮೇವರೆಗೆ ವ್ಯಾಪಾರವೇ ಇಲ್ಲವೆಂದು ಭಾವಿಸಿ, ಆ ಮೂರು ತಿಂಗಳ ಖರ್ಚು ಮತ್ತು ಕಂತಿಗೆ 1,08,000, ಮನೆಗೆ 48,000 ಮೀಸಲಿಟ್ಟೆವು. ಉಳಿದ 59,000ದಲ್ಲಿ ಸುಮಾರು ಅರ್ಧ, ಅಂದರೆ 30,000 ರೂಪಾಯಿ, ಮನೆಯ ಮೀಸಲು ಖಾತೆಗೆ ಮರಳಿ ಹೋಯಿತು. ಬೈಕು ಹಳೆಯದೇ ಉಳಿಯಿತು. ಮಾರ್ಚ್‌ನಲ್ಲಿ 36,000, ಏಪ್ರಿಲ್‌ನಲ್ಲಿ 30,000 ಒಟ್ಟು ಲಾಭ ಬಂದದ್ದರಿಂದ ನಮ್ಮ ಅಂದಾಜು ಅತಿ ಎಚ್ಚರಿಕೆಯದಾಯಿತು ಎನ್ನಬಹುದು. ಆದರೆ ಏಪ್ರಿಲ್‌ನ 30,000, ಆ ತಿಂಗಳ ಖರ್ಚು ಮತ್ತು ಕಂತಿನ 36,000ಕ್ಕೂ ಕಡಿಮೆ ಎಂಬುದನ್ನು ಮರೆಯಬಾರದು. ವರ್ಷದ ಕೊನೆಗೆ ಅಂಗಡಿಯ ಖಾತೆಯಲ್ಲಿ 1,32,000 ಉಳಿಯಿತು, ಹೊರಟ ಮೊತ್ತಕ್ಕಿಂತ 12,000 ಹೆಚ್ಚು.

ಇದೇ ಅಂಗಡಿಯನ್ನು ಜೂನ್ ಬದಲು ನವೆಂಬರ್‌ನಲ್ಲಿ ತೆರೆದಿದ್ದರೆ ಎರಡು ಮೂರು ತಿಂಗಳ ಮನೆಖರ್ಚು ಕೈಯಲ್ಲಿದ್ದರೂ ಸಾಕಾಗುತ್ತಿತ್ತು ಎಂಬುದು ನನ್ನ ಅಭಿಪ್ರಾಯ. ಆಗ ಮೀಸಲನ್ನು ಮೇ ತಿಂಗಳ ಒಳಗೆ ದುಡಿದೇ ಕಟ್ಟಿಕೊಳ್ಳಬೇಕಾಗುತ್ತಿತ್ತು. ಮನೆಯ ಮೀಸಲೇ ಇಲ್ಲದವರು, ಮಳೆಗಾಲದಲ್ಲಿ ಅಂಗಡಿ ತೆರೆಯುವ ಬದಲು ಒಂದು ಸೀಸನ್ ನೌಕರಿಯಲ್ಲಿಯೇ ಮುಂದುವರಿಯುವುದು ಮೇಲು.

ತೆರಿಗೆಯ ಕಡೆಯಿಂದ

ಒಬ್ಬರೇ ಮಾಲೀಕರಿರುವ ಅಂಗಡಿಯಲ್ಲಿ ಕಾನೂನಿನ ಪ್ರಕಾರ ಮಾಲೀಕನಿಗೆ ಸಂಬಳವೆಂಬುದೇ ಇಲ್ಲ. ಅವನು ತೆಗೆಯುವ ಹಣ ಖರ್ಚಲ್ಲ, ಬಂಡವಾಳದಿಂದ ತೆಗೆದದ್ದು. ತೆಗೆದರೂ ತೆಗೆಯದಿದ್ದರೂ ಇಡೀ ಲಾಭದ ಮೇಲೆಯೇ ತೆರಿಗೆಯ ಲೆಕ್ಕ. ನಮ್ಮ ಉದಾಹರಣೆಯ 2,42,000, 2025-26ರ ಹೊಸ ಪದ್ಧತಿಯ 4 ಲಕ್ಷದ ಮಿತಿಯೊಳಗೇ ಇರುವುದರಿಂದ ತೆರಿಗೆ ಬರುವುದಿಲ್ಲ. ವಹಿವಾಟಿನ ಶೇಕಡಾ 8 ಅಥವಾ 6ನ್ನು ಆದಾಯವೆಂದು ತೋರಿಸುವ ಅಂದಾಜು ಪದ್ಧತಿಯಲ್ಲಿರುವ ಕೆಲವರು ಆ ಶೇಕಡಾ 8ನ್ನೇ ತಮ್ಮ ಸಂಬಳದ ಅಳತೆಯೆಂದು ತಿಳಿದಿರುತ್ತಾರೆ. ಅದು ತೆರಿಗೆಗಾಗಿ ಇರುವ ಅಂಕಿ, ಖಾತೆಯಲ್ಲಿ ಎಷ್ಟು ಹಣ ಇದೆ ಎಂಬುದನ್ನು ಅದು ಹೇಳುವುದಿಲ್ಲ.

ಪಾಲುದಾರಿಕೆಯಾದರೆ ಪರಿಸ್ಥಿತಿ ಬೇರೆ. ದುಡಿಯುವ ಪಾಲುದಾರನ ಸಂಬಳವನ್ನು ಖರ್ಚಾಗಿ ತೋರಿಸಬೇಕಾದರೆ ಅದು ಪಾಲುದಾರಿಕೆ ಪತ್ರದಲ್ಲಿ ಬರೆದಿರಲೇಬೇಕು. 2024-25ರಿಂದ, ಪುಸ್ತಕದ ಲಾಭದ ಮೊದಲ 6 ಲಕ್ಷಕ್ಕೆ 3 ಲಕ್ಷ ಅಥವಾ ಲಾಭದ ಶೇಕಡಾ 90, ಇವೆರಡರಲ್ಲಿ ಹೆಚ್ಚಿನದು, ಉಳಿದ ಲಾಭಕ್ಕೆ ಶೇಕಡಾ 60 ಎಂಬ ಮಿತಿ ಎಲ್ಲ ಪಾಲುದಾರರಿಗೂ ಸೇರಿ ಇದೆ. 2025ರ ಏಪ್ರಿಲ್ 1ರಿಂದ ಒಬ್ಬ ಪಾಲುದಾರನಿಗೆ ವರ್ಷಕ್ಕೆ 20,000 ಮೀರಿ ಸಂಬಳ, ಬಡ್ಡಿ ಕೊಟ್ಟರೆ ಶೇಕಡಾ 10 ಟಿಡಿಎಸ್ ಹಿಡಿಯಬೇಕು. ಪತ್ರದಲ್ಲಿ ಮೇಲಿನ ಮಿತಿಯನ್ನೇ ಸಂಬಳವೆಂದು ಬರೆಸಿ, ಹಣವನ್ನು ಮಾತ್ರ ಫೆಬ್ರವರಿ ನಂತರ ತೆಗೆಯುವುದು ಸಾಧ್ಯ. ಆಗ ಉಳಿದದ್ದು ಪಾಲುದಾರನ ಬಂಡವಾಳ ಖಾತೆಯಲ್ಲಿ ಜಮೆಯಾಗಿರುತ್ತದೆ. ಪ್ರೈವೇಟ್ ಲಿಮಿಟೆಡ್ ಕಂಪನಿ ಮಾಡಿಕೊಂಡವರು ನಿರ್ದೇಶಕನ ಸಂಬಳವನ್ನು ಬೋರ್ಡ್ ಸಭೆಯಲ್ಲಿ ನಿರ್ಣಯಿಸಿಯೇ ತೆಗೆಯಬೇಕು. ಹಾಗೆ ಮಾಡದೆ ಖಾತೆಯಿಂದ ಆಗಾಗ ತೆಗೆದ ಹಣ ಕಂಪನಿ ಅವರಿಗೆ ಕೊಟ್ಟ ಸಾಲವಾಗಿ ಕಾಣುತ್ತದೆ, ಅದನ್ನು ಲಾಭಾಂಶವೆಂದು ಪರಿಗಣಿಸಿ ತೆರಿಗೆ ಹಾಕುವ ಅವಕಾಶವೂ ಇದೆ.

ಎರಡನೆಯ ವರ್ಷದ ಮೊದಲ ತಿಂಗಳಿಂದಲೇ ಅವನು 16,000 ತೆಗೆಯತೊಡಗಿದ್ದಾನೆ. ಜೂನ್‌ನಲ್ಲಿ ಉದ್ರಿ ಸೊನ್ನೆಯಿಂದಲ್ಲ, 60,000ದಿಂದ ಆರಂಭವಾಗಿದೆ, ಕಪಾಟಿನಲ್ಲಿ ಮಾಲೂ ಉಳಿದಿದೆ. ಆದ್ದರಿಂದ ಈ ಬಾರಿ ಅಕ್ಟೋಬರ್‌ಗೆ ಮುನ್ನ ಹೊಸದಾಗಿ ಸಿಕ್ಕಿಹಾಕಿಕೊಳ್ಳುವ ಹಣ ಕಳೆದ ವರ್ಷದ ಅರ್ಧಕ್ಕಿಂತ ಕಡಿಮೆ. ಪುಸ್ತಕದ ಅಂಚಿನಲ್ಲಿ ಬರೆಯುವ ಕೂಲಿಯನ್ನು ಮಾತ್ರ 22,000ದಿಂದ 24,000ಕ್ಕೆ ಏರಿಸಿದ್ದೇನೆ, ಏಕೆಂದರೆ ಡೀಲರ್ ಅಂಗಡಿಯಲ್ಲಿ ಅವನ ಜಾಗಕ್ಕೆ ಬಂದವರಿಗೆ ಈಗ ಅಷ್ಟು ಕೊಡುತ್ತಿದ್ದಾರಂತೆ.